ಕ್ರಿಯಾಟಿನ್, ಡಿಎಚ್‌ಟಿ ಮತ್ತು ಆ 56 ಪರ್ಸೆಂಟ್

ಓದುಗರ ಪತ್ರ:

ಸಂಪಾದಕರೇ, ನನಗೆ 22 ವರ್ಷ. ಜಿಮ್‌ಗೆ ಹೋಗುತ್ತೇನೆ, ಮೈ ಕಟ್ಟಲೆಂದು ಒಂದು ತಿಂಗಳಿಂದ ದಿನಕ್ಕೆ 5 ಗ್ರಾಂ ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುತ್ತಿದ್ದೇನೆ. ಅದರಿಂದ ಡಿಎಚ್‌ಟಿ ಅನ್ನೋ ಹಾರ್ಮೋನ್ 56 ಪರ್ಸೆಂಟ್ ಏರುತ್ತೆ, ಕೂದಲು ಉದುರುತ್ತೆ ಅಂತ ಜಿಮ್‌ನಲ್ಲಿ ಒಬ್ಬರು ಹೇಳ್ತಾರೆ. ಟೆಸ್ಟೋಸ್ಟಿರಾನ್ ಏರುತ್ತೆ, ಅದಕ್ಕೇ ಮೈ ಕಟ್ಟೋದು ಅಂತ ಇನ್ನೊಬ್ಬರು. ಹೆದರಿ ರಕ್ತ ಪರೀಕ್ಷೆ ಮಾಡಿಸಿದೆ. ಡಿಎಚ್‌ಟಿ 52 ಬಂತು. ಇದು ಕ್ರಿಯಾಟಿನ್‌ದೇ ಕೆಲಸವೇ? ನಿಲ್ಲಿಸಲೇ?

ಸಂಪಾದಕರ ಉತ್ತರ:

ನಿಮ್ಮ ಜಿಮ್‌ನವರು ಆ 56ನ್ನು ಸುಮ್ನೆ ಹುಟ್ಟಿಸಿಕೊಂಡು ಹೇಳುತ್ತಿಲ್ಲ. ಅದು ದಕ್ಷಿಣ ಆಫ್ರಿಕಾದಲ್ಲಿ ಕಾಲೇಜು ವಯಸ್ಸಿನ ರಗ್ಬಿ ಆಟಗಾರರ ಮೇಲೆ ನಡೆದ ಒಂದು ಅಧ್ಯಯನದ ಅಂಕಿ. ಪ್ರಕಟವಾದದ್ದು 2009ರಲ್ಲಿ. ಕೂದಲಿನ ಭಯವೆಲ್ಲ ಈ ಒಂದೇ ಅಧ್ಯಯನದಿಂದ ಶುರುವಾದದ್ದು. ಆದ್ದರಿಂದ ಅವರು ಏನು ಮಾಡಿದರು, ಏನು ಅಳೆದರು ಅನ್ನುವುದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ಆಟಗಾರರು 20 ಜನ. ಮೊದಲ 7 ದಿನ ದಿನಕ್ಕೆ 25 ಗ್ರಾಂ ಕ್ರಿಯಾಟಿನ್, ಜೊತೆಗೆ 25 ಗ್ರಾಂ ಗ್ಲೂಕೋಸ್. ಜಿಮ್ ಭಾಷೆಯಲ್ಲಿ ಹೇಳುವ ಲೋಡಿಂಗ್ ಇದೇ. ಮುಂದಿನ 14 ದಿನ ದಿನಕ್ಕೆ 5 ಗ್ರಾಂ ಕ್ರಿಯಾಟಿನ್, ಗ್ಲೂಕೋಸ್ ಮಾತ್ರ ಮೊದಲಿನಷ್ಟೇ. ಹೋಲಿಸಿ ನೋಡುವುದಕ್ಕೆ ಬರೀ ಗ್ಲೂಕೋಸ್ ಕೊಡುವ ಇನ್ನೊಂದು ಸುತ್ತು ಇತ್ತು. ವಿಶೇಷ ಏನೆಂದರೆ ಎರಡೂ ಸುತ್ತಿನಲ್ಲಿ ಇದ್ದವರು ಅದೇ ಹುಡುಗರು. ಕೆಲವರಿಗೆ ಮೊದಲು ಕ್ರಿಯಾಟಿನ್, ಕೆಲವರಿಗೆ ಮೊದಲು ಗ್ಲೂಕೋಸ್. ನಡುವೆ 6 ವಾರ ಬಿಡುವು, ಆಮೇಲೆ ಅದಲು ಬದಲು. ಯಾರು ಯಾವಾಗ ಯಾವುದನ್ನು ಕುಡಿಯುತ್ತಿದ್ದಾರೆ ಅನ್ನುವುದು ಆಟಗಾರರಿಗೂ ಗೊತ್ತಿರಲಿಲ್ಲ, ಅಳೆಯುವವರಿಗೂ ಗೊತ್ತಿರಲಿಲ್ಲ. ವಿಧಾನ ಒಳ್ಳೆಯದೇ. ಅಧ್ಯಯನವೇ ಬೋಗಸ್ ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ.

ಟೆಸ್ಟೋಸ್ಟಿರಾನ್ ಬದಲಾಗಲಿಲ್ಲ. ಡಿಎಚ್‌ಟಿ ಮಾತ್ರ ಕ್ರಿಯಾಟಿನ್ ಸುತ್ತಿನಲ್ಲಿ 7 ದಿನಕ್ಕೆ 56 ಪರ್ಸೆಂಟ್ ಏರಿತು. ಮೂರು ವಾರ ಮುಗಿದಾಗಲೂ ಶುರುವಿಗಿಂತ 40 ಪರ್ಸೆಂಟ್ ಮೇಲೇ ಇತ್ತು. ನಮ್ಮ ದೇಹ ಡಿಎಚ್‌ಟಿಯನ್ನು ತಯಾರಿಸುವುದು ಟೆಸ್ಟೋಸ್ಟಿರಾನ್‌ನಿಂದಲೇ. 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಚರ್ಮ, ತಲೆಬುರುಡೆಯ ಮೇಲಿನ ಕೂದಲ ಬುಡ, ಪ್ರಾಸ್ಟೇಟ್, ಯಕೃತ್ತು ಇಲ್ಲೆಲ್ಲ ಆ ಕೆಲಸ ಮಾಡುತ್ತದೆ. ಟೆಸ್ಟೋಸ್ಟಿರಾನ್ ಇದ್ದಷ್ಟೇ ಇದ್ದು ಡಿಎಚ್‌ಟಿ ಏರಿದರೆ, ಈ ಪರಿವರ್ತನೆ ಜೋರಾಗಿರಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ. ಸಂಶೋಧಕರೂ ಅದನ್ನು ಒಂದು ಸಾಧ್ಯತೆಯಾಗಿ ಬರೆದರು, ಇನ್ನಷ್ಟು ಪರೀಕ್ಷೆ ಬೇಕು ಅಂತಲೂ ಸೇರಿಸಿದರು. ಜನರ ಬಾಯಲ್ಲಿ ಉಳಿದದ್ದು ಮೊದಲನೆಯದು ಮಾತ್ರ.

ಈಗ ಪರ್ಸೆಂಟ್ ಬದಿಗಿಟ್ಟು ಅಸಲಿ ಅಂಕಿಗಳನ್ನು ನೋಡಿ. ಕ್ರಿಯಾಟಿನ್ ಸುತ್ತಿನ ಶುರುವಿನಲ್ಲಿ ಡಿಎಚ್‌ಟಿ ಸರಾಸರಿ ಲೀಟರಿಗೆ 0.98 ನ್ಯಾನೋಮೋಲ್ ಇತ್ತು. 7 ದಿನಕ್ಕೆ 1.53 ಆಯಿತು, 21 ದಿನಕ್ಕೆ 1.38ಕ್ಕೆ ಇಳಿಯಿತು. ಗ್ಲೂಕೋಸ್ ಸುತ್ತಿನ ಶುರುವಿನಲ್ಲಿ 1.26 ಇತ್ತು. ಅದು 7 ದಿನಕ್ಕೆ 1.09, 21 ದಿನಕ್ಕೆ 1.06 ಆಯಿತು.

ಏನೋ ಸರಿಯಿಲ್ಲ ಅನ್ನಿಸುತ್ತೆ, ಅಲ್ವಾ? ಎರಡೂ ಸುತ್ತಿನಲ್ಲಿ ಇರುವವರು ಅದೇ ಹುಡುಗರು. ಇನ್ನೂ ಏನೂ ಕುಡಿದಿಲ್ಲ. ಆದರೂ ಒಂದು ಕಡೆ ಶುರು 0.98, ಇನ್ನೊಂದು ಕಡೆ 1.26. ಹೆಚ್ಚುಕಡಿಮೆ ಕಾಲು ಭಾಗದಷ್ಟು ವ್ಯತ್ಯಾಸ. ಅಂದರೆ ಒಬ್ಬನೇ ಮನುಷ್ಯನಲ್ಲಿ, ಪುಡಿಯ ಸಂಬಂಧವೇ ಇಲ್ಲದೆ, ಡಿಎಚ್‌ಟಿ ಇಷ್ಟು ಮೇಲೆ ಕೆಳಗೆ ಆಡುತ್ತದೆ. ಕ್ರಿಯಾಟಿನ್ ಸುತ್ತು ಶುರುವಾದದ್ದು ಅದು ಕೆಳಗಿದ್ದಾಗ, ಗ್ಲೂಕೋಸ್ ಸುತ್ತು ಶುರುವಾದದ್ದು ಮೇಲಿದ್ದಾಗ. ಕೆಳಗಿದ್ದದ್ದು ಆಮೇಲೆ ಏರುವುದು, ಮೇಲಿದ್ದದ್ದು ಇಳಿಯುವುದು ತನ್ನಷ್ಟಕ್ಕೇ ಆಗುವಂಥದ್ದು. ಏರಿಕೆ ಇಳಿಕೆ ಎರಡೂ ಸೇರಿ ನಡುವಿನ ಅಂತರ ದೊಡ್ಡದಾಗಿ ಕಾಣಿಸಿತು.

ಲೆಕ್ಕ ಹಾಕಿ ನೋಡೋಣ. 0.98ರಿಂದ 1.53 ಅಂದರೆ 0.55ರ ಏರಿಕೆ, ಶುರುವಿನ ಅಂಕಿಯ 56 ಪರ್ಸೆಂಟ್. ಅದೇ ಹುಡುಗರ ಎರಡು ಶುರುವಿನ ಅಂಕಿಗಳ ಸರಾಸರಿ 1.12. ಅಲ್ಲಿಂದ 1.53ಕ್ಕೆ ಹೋಗಿದ್ದರೆ 37 ಪರ್ಸೆಂಟ್. 1.26ರಿಂದ ಲೆಕ್ಕ ಹಾಕಿದರೆ 21 ಪರ್ಸೆಂಟ್ ಮಾತ್ರ. ತಲುಪಿದ ಜಾಗ ಒಂದೇ. ಎಲ್ಲಿಂದ ಹೊರಟೆವು ಅನ್ನುವುದರ ಮೇಲೆ 21 ಆಗುತ್ತದೆ, ಇಲ್ಲವೇ 56 ಆಗುತ್ತದೆ. ಏನೂ ಆಗಲೇ ಇಲ್ಲ ಅಂತ ಇದರಿಂದ ಹೇಳಲು ಬರುವುದಿಲ್ಲ. 7ನೇ ದಿನ 1.53 ಮತ್ತು 1.09ರ ನಡುವೆ ಅಂತರ ಇದ್ದದ್ದು ನಿಜ. ಆದರೆ ಅಷ್ಟು ಅಲುಗಾಡುವ ನೆಲದ ಮೇಲೆ ನಿಂತ 56ನ್ನು ಖಚಿತ ಅಳತೆ ಎಂದು ನಾನು ಒಪ್ಪುವುದಿಲ್ಲ. ಅಲ್ಲದೆ 1.53 ಕೂಡ ಆರೋಗ್ಯವಂತ ಗಂಡಸರ ಸಾಮಾನ್ಯ ಮಟ್ಟದ ಒಳಗೇ ಇರುವ ಅಂಕಿ.

ಇನ್ನೊಂದು ಮಾತು. ಆ ಅಧ್ಯಯನದಲ್ಲಿ ಯಾರೂ ಕೂದಲನ್ನು ನೋಡಲೇ ಇಲ್ಲ. ಅಳೆದದ್ದು ರಕ್ತದ ಹಾರ್ಮೋನ್. ಕೂದಲು ಉದುರುತ್ತದೆ ಅನ್ನುವುದು ಆಮೇಲೆ ಓದಿದವರು ಸೇರಿಸಿಕೊಂಡ ಹೆಜ್ಜೆ. ಅದು ಪೂರ್ತಿ ಅಡ್ಡಾದಿಡ್ಡಿ ಹೆಜ್ಜೆಯೂ ಅಲ್ಲ. ಗಂಡಸರ ಬೋಳುತಲೆಯಲ್ಲಿ ಡಿಎಚ್‌ಟಿಯ ಪಾತ್ರ ಇದೆ. ಅದಕ್ಕೆ ಕೊಡುವ ಫಿನಾಸ್ಟಿರೈಡ್ ಮಾತ್ರೆ ಕೆಲಸ ಮಾಡುವುದು ಇದೇ ಕಿಣ್ವವನ್ನು ತಡೆದು. ಆದರೆ ಬೋಳಾಗುವವರ ರಕ್ತದಲ್ಲಿ ಡಿಎಚ್‌ಟಿ ಜಾಸ್ತಿಯೇ ಇರಬೇಕು ಅಂತಿಲ್ಲ. ಅವರ ಕೂದಲ ಬುಡ ಹುಟ್ಟಿನಿಂದಲೇ ಅದಕ್ಕೆ ಹೆಚ್ಚು ಸೂಕ್ಷ್ಮ. ರಕ್ತದಲ್ಲಿ ಸ್ವಲ್ಪ ಏರಿದ್ದು ತಲೆಯ ಚರ್ಮದಲ್ಲೂ ಅಷ್ಟೇ ಏರಿತು ಅಂತ ಲೆಕ್ಕ ಹಾಕುವ ಹಾಗಿಲ್ಲ.

ಹಾಗಾದರೆ ಕೂದಲನ್ನೇ ನೋಡಿದವರು ಯಾರು? 2025ರಲ್ಲಿ ಅಂಥ ಒಂದು ಪ್ರಯೋಗ ಪ್ರಕಟವಾಯಿತು. ತೂಕ ಎತ್ತಿ ರೂಢಿಯಿದ್ದ, 18ರಿಂದ 40 ವರ್ಷದ 45 ಗಂಡಸರು. ಕೊನೆವರೆಗೆ ಉಳಿದವರು 38. ಅರ್ಧ ಜನಕ್ಕೆ ದಿನಕ್ಕೆ 5 ಗ್ರಾಂ ಕ್ರಿಯಾಟಿನ್, ಉಳಿದರ್ಧಕ್ಕೆ ಹೋಲಿಕೆಗೆಂದು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ 5 ಗ್ರಾಂ, 12 ವಾರ. ರಕ್ತದಲ್ಲಿ ಒಟ್ಟು ಟೆಸ್ಟೋಸ್ಟಿರಾನ್, ಪ್ರೋಟೀನ್‌ಗೆ ಅಂಟದೆ ಬಿಡಿಯಾಗಿರುವ ಫ್ರೀ ಟೆಸ್ಟೋಸ್ಟಿರಾನ್, ಡಿಎಚ್‌ಟಿ ಅಳೆದರು. ತಲೆಯ ಚರ್ಮದ ಫೋಟೋ ತೆಗೆದು ಕೂದಲು ಎಷ್ಟು ಒತ್ತಾಗಿದೆ, ಎಷ್ಟು ದಪ್ಪ ಇದೆ ಅಂತಲೂ ಅಳೆದರು. ಡಿಎಚ್‌ಟಿಯಲ್ಲಾಗಲಿ, ಡಿಎಚ್‌ಟಿ ಮತ್ತು ಟೆಸ್ಟೋಸ್ಟಿರಾನ್ ಅನುಪಾತದಲ್ಲಾಗಲಿ, ಕೂದಲಿನಲ್ಲಾಗಲಿ ಎರಡು ಗುಂಪಿನ ನಡುವೆ ಗಮನಿಸಬೇಕಾದ ವ್ಯತ್ಯಾಸ ಸಿಗಲಿಲ್ಲ.

ಈ ಪ್ರಯೋಗದಲ್ಲಿ ನನಗೆ ಇಷ್ಟವಾದ ಒಂದು ವಿವರ ಇದೆ. 12 ವಾರದಲ್ಲಿ ಒಟ್ಟು ಟೆಸ್ಟೋಸ್ಟಿರಾನ್ ಏರಿತ್ತು, ಫ್ರೀ ಟೆಸ್ಟೋಸ್ಟಿರಾನ್ ಇಳಿದಿತ್ತು. ಕ್ರಿಯಾಟಿನ್ ತಿಂದವರು, ತಿನ್ನದವರು ಅನ್ನುವ ಭೇದ ಅದರಲ್ಲಿ ಇರಲಿಲ್ಲ. ಹೋಲಿಕೆಯ ಗುಂಪು ಇಲ್ಲದೆ ಹೋಗಿದ್ದರೆ ಕ್ರಿಯಾಟಿನ್ ಟೆಸ್ಟೋಸ್ಟಿರಾನ್ ಏರಿಸಿತು ಅಂತ ಡಬ್ಬಿಯ ಮೇಲೆ ಅಚ್ಚು ಹಾಕಲು ಒಂದು ಸಾಲು ಸಿಕ್ಕಿಬಿಡುತ್ತಿತ್ತು.

ಈ ಪ್ರಯೋಗಕ್ಕೂ ಮಿತಿ ಇದೆ. ಇಲ್ಲಿ ಲೋಡಿಂಗ್ ಇರಲಿಲ್ಲ. 2009ರಲ್ಲಿ ದೊಡ್ಡ ಏರಿಕೆ ಕಂಡದ್ದು ದಿನಕ್ಕೆ 25 ಗ್ರಾಂ ಕೊಟ್ಟ ವಾರದಲ್ಲಿ. ಆದ್ದರಿಂದ 5 ಗ್ರಾಂನ ಫಲಿತಾಂಶ ಹಿಡಿದು 25 ಗ್ರಾಂ ಬಗ್ಗೆ ತೀರ್ಪು ಕೊಡುವ ಹಾಗಿಲ್ಲ. 12 ವಾರ ಕೂದಲಿಗೆ ಕಡಿಮೆ ಕಾಲವೂ ಹೌದು. ಬೋಳಾಗುವುದು ವರ್ಷಗಟ್ಟಲೆ ನಡೆಯುವ ವಿಷಯ. ಆದರೆ ನೀವು ತೆಗೆದುಕೊಳ್ಳುತ್ತಿರುವುದು ಸರಿಯಾಗಿ ಇದೇ 5 ಗ್ರಾಂ.

ಟೆಸ್ಟೋಸ್ಟಿರಾನ್ ವಿಷಯದಲ್ಲಿ ಅಳತೆ ತುಂಬಾ ನಡೆದಿದೆ, ಬೇಗ ಮುಗಿಸಬಹುದು. ರಗ್ಬಿ ಅಧ್ಯಯನ ಬಿಟ್ಟು ಇನ್ನೂ 12 ಅಧ್ಯಯನಗಳನ್ನು 2021ರ ಒಂದು ವಿಮರ್ಶಾ ಲೇಖನ ಒಟ್ಟುಮಾಡಿ ನೋಡಿತು. ದಿನಕ್ಕೆ 3 ಗ್ರಾಂನಿಂದ 25 ಗ್ರಾಂ, 6 ದಿನದಿಂದ 12 ವಾರ. ಎರಡರಲ್ಲಿ ಒಟ್ಟು ಟೆಸ್ಟೋಸ್ಟಿರಾನ್ ಸ್ವಲ್ಪ ಏರಿತ್ತು, ದೇಹದ ಮೇಲೆ ಪರಿಣಾಮ ಬೀರುವಷ್ಟಲ್ಲ. ಉಳಿದ ಹತ್ತರಲ್ಲಿ ಬದಲಾವಣೆ ಇಲ್ಲ. ಫ್ರೀ ಟೆಸ್ಟೋಸ್ಟಿರಾನ್ ಅಳೆದ ಐದರಲ್ಲೂ ಏರಿಕೆ ಇಲ್ಲ. ಡಿಎಚ್‌ಟಿಯ ಆ ಏರಿಕೆಯನ್ನು ಅಲ್ಲಿಯವರೆಗೆ ಬೇರೆ ಯಾರೂ ಮತ್ತೆ ತೋರಿಸಿರಲಿಲ್ಲ ಅಂತಲೂ ಅದೇ ಲೇಖನ ಬರೆಯಿತು. ಕ್ರಿಯಾಟಿನ್‌ನಿಂದ ಮೈ ಕಟ್ಟುವುದು ಹಾರ್ಮೋನ್‌ನಿಂದಲ್ಲ. ಸ್ನಾಯುವಿನಲ್ಲಿ ತಕ್ಷಣದ ಶಕ್ತಿಗೆ ಬೇಕಾದ ಫಾಸ್ಫೋಕ್ರಿಯಾಟಿನ್ ತುಂಬಿಕೊಳ್ಳುತ್ತದೆ, ಒಂದೆರಡು ರೆಪ್ ಜಾಸ್ತಿ ಎತ್ತಲು ಆಗುತ್ತದೆ, ಜೊತೆಗೆ ಸ್ನಾಯು ನೀರನ್ನೂ ಹಿಡಿದುಕೊಳ್ಳುತ್ತದೆ.

ಇನ್ನು ನಿಮ್ಮ 52. ಹಲವು ಲ್ಯಾಬ್‌ಗಳು ಡಿಎಚ್‌ಟಿಯನ್ನು ಡೆಸಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಅಂತ ಕೊಡುತ್ತವೆ. ನಿಮ್ಮ ರಿಪೋರ್ಟ್‌ನಲ್ಲಿ ಅಂಕಿಯ ಪಕ್ಕ ಅದೇ ಅಳತೆ ಇದೆಯೇ ನೋಡಿ. ಇದ್ದರೆ 29ರಿಂದ ಭಾಗಿಸಿ, ಸುಮಾರು 1.8 ನ್ಯಾನೋಮೋಲ್ ಬರುತ್ತದೆ. ರಗ್ಬಿ ಆಟಗಾರರ 1.53ಕ್ಕಿಂತ ಜಾಸ್ತಿಯಾಯಿತಲ್ಲ ಅಂತ ಗಾಬರಿಯಾಗಬೇಡಿ. ಅದು ಹಲವರ ಸರಾಸರಿ, ನಿಮ್ಮದು ಒಬ್ಬರದು, ಲ್ಯಾಬ್ ಕೂಡ ಬೇರೆ. ನಿಮ್ಮ 52 ಇರುವ ನ್ಯಾನೋಗ್ರಾಂ ಅಳತೆಯಲ್ಲೇ ಗಂಡಸರಿಗೆ ಸುಮಾರು 11ರಿಂದ 95ರವರೆಗೆ ಸಾಮಾನ್ಯ ಅಂತ ಬರೆಯುವ ಲ್ಯಾಬ್‌ಗಳಿವೆ. ಅದರ ನಟ್ಟನಡುವೆ ನೀವು ಇದ್ದೀರಿ. ಕ್ರಿಯಾಟಿನ್ ಶುರುಮಾಡುವ ಮೊದಲು ಎಷ್ಟಿತ್ತು ಅಂತ ನಿಮ್ಮ ಹತ್ತಿರ ಅಂಕಿ ಇಲ್ಲ. ಆಗಲೂ 52 ಇದ್ದಿರಬಹುದು, 60 ಇದ್ದಿರಬಹುದು. ಹಾಗಾಗಿ ಇದು ಕ್ರಿಯಾಟಿನ್ ಕೆಲಸವೇ ಅನ್ನುವ ಪ್ರಶ್ನೆಗೆ ಆ ರಿಪೋರ್ಟ್‌ನಲ್ಲಿ ಉತ್ತರವೇ ಇಲ್ಲ.

ಈ ಅಂಕಿ ನೋಡಿ ನಿಲ್ಲಿಸಲು ಕಾರಣ ನನಗೆ ಕಾಣುವುದಿಲ್ಲ. ತಲೆಯ ಮೇಲೆ ನಿಜವಾಗಿಯೂ ಕೂದಲು ತೆಳ್ಳಗಾಗುತ್ತಿದ್ದರೆ ಅದು ಚರ್ಮದ ಡಾಕ್ಟರ್ ನೋಡಬೇಕಾದ ವಿಷಯ. ಅವರಿಗೆ ತಲೆ ತೋರಿಸಿ, ರಿಪೋರ್ಟ್ ಅಷ್ಟು ಮುಖ್ಯವಲ್ಲ.

ಆದರೂ ನಿಮ್ಮ ದೇಹದಲ್ಲಿ ಏನಾಗುತ್ತದೆ ಅಂತ ತಿಳಿಯುವ ಕುತೂಹಲ ಇದ್ದರೆ ಹೀಗೆ ಮಾಡಿ. 6 ವಾರ ಕ್ರಿಯಾಟಿನ್ ಬಿಡಿ. ಆಮೇಲೆ ಒಂದು ವಾರದ ಅಂತರದಲ್ಲಿ ಎರಡು ಸಲ, ಬೆಳಗ್ಗೆ ಅದೇ ಹೊತ್ತಿಗೆ, ಅದೇ ಲ್ಯಾಬ್‌ನಲ್ಲಿ ರಕ್ತ ಕೊಡಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬ್‌ನವರಿಗೆ ಮೊದಲೇ ಹೇಳಿ, ಅದು ಕೆಲವು ಹಾರ್ಮೋನ್ ಪರೀಕ್ಷೆಗಳ ಅಂಕಿಯನ್ನೇ ಕೆಡಿಸುತ್ತದೆ. ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನದ ಪರೀಕ್ಷೆ ಸಿಗುತ್ತದೆಯೇ ಕೇಳಿ. ರಕ್ತದಲ್ಲಿ ಟೆಸ್ಟೋಸ್ಟಿರಾನ್ ಡಿಎಚ್‌ಟಿಗಿಂತ ಸುಮಾರು ಹತ್ತು ಪಟ್ಟು ಇರುತ್ತದೆ. ಆ್ಯಂಟಿಬಾಡಿ ಬಳಸುವ ಸಾದಾ ಪರೀಕ್ಷೆ ಅದರಲ್ಲಿ ಒಂದಿಷ್ಟನ್ನು ಡಿಎಚ್‌ಟಿ ಅಂತಲೇ ಎಣಿಸಿಬಿಡುವ ಅಪಾಯ ಇದೆ. ಆಮೇಲೆ ಮತ್ತೆ 5 ಗ್ರಾಂ ಶುರುಮಾಡಿ, ನಾಲ್ಕನೇ ವಾರದ ನಂತರ ಇದೇ ರೀತಿ ಇನ್ನೆರಡು ಸಲ ಅಳೆಸಿ. ಮೊದಲ ಎರಡು ಅಂಕಿಗಳೇ ಒಂದಕ್ಕೊಂದು ಎಷ್ಟು ದೂರ ಇವೆ ನೋಡಿ. ಕೊನೆಯ ಎರಡು ಆ ಅಂತರವನ್ನೂ ಮೀರಿ ಮೊದಲಿನವಕ್ಕಿಂತ ಸ್ಪಷ್ಟವಾಗಿ ಮೇಲಿದ್ದರೆ ಮಾತ್ರ ಕ್ರಿಯಾಟಿನ್ ಮೇಲೆ ಅನುಮಾನ ಪಡಬಹುದು.