ಸಂಜೆ ಸಮಾಧಾನ ಕೊಡುವ ಪೆಗ್, ಬೆಳಗಿನ ಜಾವ ಗಾಬರಿ ಯಾಕೆ ತರುತ್ತದೆ?

ಪ್ರಶ್ನೆ: ನನಗೆ 41 ವರ್ಷ. ಟೆನ್ಷನ್ ಕಡಿಮೆಯಾಗುತ್ತೆ ಅಂತ ಏಳೆಂಟು ವರ್ಷದ ಹಿಂದೆ ಕುಡಿಯಲು ಶುರು ಮಾಡಿದೆ. ಈಗ ದಿನಾ ರಾತ್ರಿ ಮೂರು ಪೆಗ್ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದೆ ಡವಡವ ಅಂತ ಎಚ್ಚರವಾಗುತ್ತದೆ. ಹಗಲೆಲ್ಲ ಏನೋ ಕೆಟ್ಟದಾಗುತ್ತೆ ಅನ್ನೋ ಭಯ, ಯಾವುದರಲ್ಲೂ ಆಸಕ್ತಿ ಇಲ್ಲ. ಡಾಕ್ಟರು ಖಿನ್ನತೆ ಅಂತ ಮಾತ್ರೆ ಕೊಟ್ಟು ಮೂರು ತಿಂಗಳಾಯಿತು, ಅಷ್ಟೇನೂ ಗುಣ ಕಾಣುತ್ತಿಲ್ಲ. ಕುಡಿತದ ವಿಷಯ ಅವರಿಗೆ ಹೇಳಿಲ್ಲ. ಸಂಜೆಯ ಆ ಪೆಗ್ ಒಂದೇ ನನಗೆ ಸಮಾಧಾನ. ಅದನ್ನೂ ಬಿಡಬೇಕಾ?

ಉತ್ತರ: ನಿಮಗೆ ಎಚ್ಚರವಾಗುವ ಆ ನಾಲ್ಕು ಗಂಟೆಯಿಂದಲೇ ಶುರು ಮಾಡೋಣ. ಅರ್ಧ ಉತ್ತರ ಅಲ್ಲೇ ಇದೆ.

60 ಎಂಎಲ್‌ನ ಒಂದು ಪೆಗ್ ವಿಸ್ಕಿಯಲ್ಲೋ ರಮ್‌ನಲ್ಲೋ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಮೂರು ಪೆಗ್ ಅಂದರೆ 60 ಗ್ರಾಂ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಅದರ ವೇಗ ಹೆಚ್ಚಾಗುವುದಿಲ್ಲ. ನೀವು ರಾತ್ರಿ ಒಂಬತ್ತಕ್ಕೆ ಶುರು ಮಾಡಿದಿರಿ ಅಂದುಕೊಳ್ಳಿ. ಬೆಳಗಿನ ಜಾವ ಮೂರರಿಂದ ಐದೂವರೆಯೊಳಗೆ ರಕ್ತದಲ್ಲಿನ ಆಲ್ಕೋಹಾಲ್ ಬಹುತೇಕ ಖಾಲಿಯಾಗುತ್ತದೆ. ನಿಮಗೆ ಎಚ್ಚರವಾಗುವುದೂ ಅದೇ ಹೊತ್ತಿಗೆ, ಅಲ್ವಾ?

ಮಿದುಳಿನಲ್ಲಿ ಗಾಬಾ ಅನ್ನುವ ಒಂದು ರಾಸಾಯನಿಕ ಇದೆ. ಅದರ ಕೆಲಸ ನರಗಳನ್ನು ತಣ್ಣಗಿಡುವುದು. ಗ್ಲುಟಮೇಟ್ ಅನ್ನುವ ಇನ್ನೊಂದು ನರಗಳನ್ನು ಚುರುಕಾಗಿಸುತ್ತದೆ. ಆಲ್ಕೋಹಾಲ್ ಮೊದಲನೆಯದಕ್ಕೆ ಬಲ ಕೊಡುತ್ತದೆ, ಎರಡನೆಯದನ್ನು ತಡೆಯುತ್ತದೆ. ಮೊದಲ ಪೆಗ್‌ನಲ್ಲೇ ಭುಜ ಸಡಿಲಾಗಿ ತಲೆಯೊಳಗಿನ ಗಲಾಟೆ ನಿಲ್ಲುವುದು ಇದರಿಂದಲೇ. ಆ ಸಮಾಧಾನ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ನಿಜವಾದದ್ದೇ. ಆದರೆ ಮಿದುಳು ಸುಮ್ನೆ ಕೂರುವುದಿಲ್ಲ. ದಿನಾ ಯಾರೋ ಹೊರಗಿನಿಂದ ಬಾಗಿಲು ತಳ್ಳುತ್ತಿದ್ದರೆ ಒಳಗಿದ್ದವರು ಅಷ್ಟೇ ಬಲವಾಗಿ ಒತ್ತಿ ಹಿಡಿಯುತ್ತಾರಲ್ಲ, ಹಾಗೆ ಅದು ಗಾಬಾದ ಪ್ರಭಾವವನ್ನು ತಗ್ಗಿಸಿಕೊಂಡು ಗ್ಲುಟಮೇಟ್ ಕಡೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಬೆಳಗಿನ ಜಾವ ಆಲ್ಕೋಹಾಲ್ ಹೊರಟುಹೋದಾಗಲೂ ಮಿದುಳು ಮಾಡಿಕೊಂಡ ಈ ಏರ್ಪಾಡು ಹಾಗೇ ಉಳಿದಿರುತ್ತದೆ. ಆಗ ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ. ಕಾರಣವೇ ಇಲ್ಲದೆ ಭಯವಾಗುತ್ತದೆ. ಭಯಕ್ಕೆ ಕಾರಣ ಕಾಣದಿದ್ದಾಗ ಮನಸ್ಸು ಸಾಲ, ಮಕ್ಕಳು, ಆಫೀಸು ಅಂತ ಏನಾದರೊಂದನ್ನು ಹುಡುಕಿಕೊಳ್ಳುತ್ತದೆ.

ನಿದ್ರೆಯದೂ ಇದೇ ಕಥೆ. ಕುಡಿದರೆ ಬೇಗ ನಿದ್ರೆ ಹತ್ತುತ್ತದೆ, ಅದು ಹೌದು. ಆದರೆ ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ರೆ ಕಡಿಮೆಯಾಗುತ್ತದೆ, ಎರಡನೆಯ ಅರ್ಧದಲ್ಲಿ ನಿದ್ರೆ ಪದೇ ಪದೇ ಒಡೆಯುತ್ತದೆ. ಹೀಗೆ ವಾರಗಟ್ಟಲೆ ನಡೆದರೆ ಸಣ್ಣ ಮಾತಿಗೂ ರೇಗುವುದು, ಮಂಕು ಕವಿಯುವುದು ಸಹಜ.

ಈಗ ಸಂಜೆಗೆ ಬನ್ನಿ. ಹಗಲೆಲ್ಲ ಉಳಿದ ಆ ಚಡಪಡಿಕೆ ಸಂಜೆ ಏಳರ ಹೊತ್ತಿಗೆ ಜಾಸ್ತಿಯಾಗುತ್ತದೆ. ಒಂದು ಪೆಗ್ ಹಾಕಿದ ತಕ್ಷಣ ಇಳಿಯುತ್ತದೆ. ‘ನನ್ನ ಟೆನ್ಷನ್‌ಗೆ ಇದೇ ಔಷಧಿ’ ಅಂತ ನಿಮಗೆ ಅನ್ನಿಸುತ್ತದೆ. ಆದರೆ ಆ ಪೆಗ್ ತಣಿಸಿದ ಟೆನ್ಷನ್‌ನಲ್ಲಿ ಒಂದು ಪಾಲು ನಿನ್ನೆಯ ಪೆಗ್ ಮಾಡಿಟ್ಟು ಹೋದದ್ದು. ಮೊದಲ ವರ್ಷ ಕುಡಿದಾಗ ನಿಮಗೆ ಖುಷಿ ಸಿಕ್ಕಿರಬಹುದು. ಈಗ ಬಹುಶಃ ಸಿಗುತ್ತಿರುವುದು ಬರೀ ನಿರಾಳ. ಯಾವುದರಲ್ಲೂ ಆಸಕ್ತಿ ಇಲ್ಲ ಅಂತ ಬರೆದಿದ್ದೀರಿ. ಖುಷಿ, ಹುಮ್ಮಸ್ಸಿಗೆ ಸಂಬಂಧಿಸಿದ ಡೋಪಮೈನ್ ವ್ಯವಸ್ಥೆ ದಿನಾ ಕುಡಿಯುವವರಲ್ಲಿ ಮೊಂಡಾಗುತ್ತದೆ. ಊಟ, ಸಂಗೀತ, ಮಕ್ಕಳ ಆಟ ಎಲ್ಲ ಸಪ್ಪೆ ಅನ್ನಿಸುವುದಕ್ಕೆ ಅದೂ ಒಂದು ಕಾರಣ.

ಮಾತ್ರೆ ಕೆಲಸ ಮಾಡುತ್ತಿಲ್ಲ ಅನ್ನುವುದನ್ನು ನಾನು ಈಗಲೇ ಒಪ್ಪುವುದಿಲ್ಲ. ಹಗಲು ಅದು ಕಟ್ಟಿದ್ದನ್ನು ರಾತ್ರಿ ಆಲ್ಕೋಹಾಲ್ ಕೆಡವುತ್ತಿದ್ದರೆ ಮಾತ್ರೆಗೆ ನ್ಯಾಯವಾದ ಅವಕಾಶವೇ ಸಿಕ್ಕಿಲ್ಲ. ನಿಮ್ಮ ಡಾಕ್ಟರಿಗೆ ಕುಡಿತದ ವಿಷಯ ಗೊತ್ತಿಲ್ಲದ ಕಾರಣ ಅವರು ಮಾತ್ರೆಯ ಡೋಸ್ ಏರಿಸಬಹುದು. ಅಥವಾ ನಿದ್ರೆಗೆ, ಗಾಬರಿಗೆ ಅಂತ ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಥರದ್ದನ್ನು ಸೇರಿಸಬಹುದು. ಅದರ ಮೇಲೆ ಕುಡಿದರೆ ಉಸಿರಾಟವೇ ನಿಧಾನವಾಗಿ ಜೀವಕ್ಕೆ ಅಪಾಯ. ಹಾಗಾಗಿ ಅವರಿಗೆ ಹೇಳುವುದು ಮೊದಲ ಕೆಲಸ. ‘ಯಾವಾಗಲಾದರೂ ಸ್ವಲ್ಪ’ ಅನ್ನಬೇಡಿ. ಎಷ್ಟು ಎಂಎಲ್, ವಾರಕ್ಕೆ ಎಷ್ಟು ದಿನ, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದದ್ದು ಯಾವಾಗ ಅಂತ ಬಿಡಿಸಿ ಹೇಳಿ. ಮನೆಯಲ್ಲಿ ಪೆಗ್ ಅಳತೆಗೆ ಸಿಗುವುದಿಲ್ಲ. ಬಾಟಲಿ ಎಷ್ಟು ದಿನ ಬರುತ್ತದೆ ಅಂತ ಲೆಕ್ಕ ಹಾಕಿದರೆ ನಿಜ ಗೊತ್ತಾಗುತ್ತದೆ. ಇಂಥ ಲೆಕ್ಕದಲ್ಲಿ ‘ಮೂರು’ ಅಂದವರದು ಐದು ಆಗಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಬಿಡಬೇಕಾ ಅಂದರೆ, ಹೌದು. ಆದರೆ ನಾಳೆಯೇ ಒಬ್ಬರೇ ಏಕಾಏಕಿ ಬಿಡಬೇಡಿ. ದಿನಾ ಕುಡಿಯುವವರು ಹಠಾತ್ತಾಗಿ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲೇ ನಡುಕ ಶುರುವಾಗಬಹುದು. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದಲ್ಲಿ ದಿಕ್ಕು ತೋಚದೆ ಇಲ್ಲದ್ದೆಲ್ಲ ಕಾಣುವ ಸ್ಥಿತಿಗೂ ಹೋಗಬಹುದು. ಬೆಳಗ್ಗೆ ಕೈ ನಡುಗುತ್ತದೆಯೇ? ನಡುಕ ನಿಲ್ಲಿಸಲು ಬೆಳಗ್ಗೆಯೇ ಕುಡಿದದ್ದಿದೆಯೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಆಸ್ಪತ್ರೆಯ ನಿಗಾದಲ್ಲೇ ಬಿಡಬೇಕು. ಅಲ್ಲಿ ಕೆಲವು ದಿನದ ಮಟ್ಟಿಗೆ ಲೆಕ್ಕ ಹಾಕಿ ಔಷಧಿ ಕೊಡುತ್ತಾರೆ, ಜೊತೆಗೆ ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಡುತ್ತಾರೆ.

ಮೊದಲ ವಾರ ಗಾಬರಿ ಈಗಿಗಿಂತ ಜಾಸ್ತಿಯೇ ಇರಬಹುದು. ‘ನೋಡಿ, ಕುಡಿಯದಿದ್ದರೆ ನನಗೆ ಇನ್ನೂ ಕೆಟ್ಟದು’ ಅಂತ ಜನ ಮತ್ತೆ ಶುರು ಮಾಡುವುದು ಈ ವಾರದಲ್ಲೇ. ಅದು ಮಿದುಳು ಹಳೆಯ ಏರ್ಪಾಡನ್ನು ಬಿಚ್ಚಿಕೊಳ್ಳುವ ಹೊತ್ತು. ಎರಡನೆಯ ವಾರದಿಂದ ಹೆಚ್ಚಿನವರಿಗೆ ಬೆಳಗಿನ ಎದೆಬಡಿತ ತಗ್ಗುತ್ತದೆ. ನಿದ್ರೆ ಸರಿಹೋಗುವುದಕ್ಕೆ ಇನ್ನಷ್ಟು ಸಮಯ ಬೇಕು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಒಂದು ಪುಸ್ತಕದಲ್ಲಿ ದಿನಾ ಬೆಳಗ್ಗೆ ಭಯಕ್ಕೆ ಹತ್ತರಲ್ಲಿ ಎಷ್ಟು, ಮಂಕಿಗೆ ಎಷ್ಟು ಅಂತ ಅಂಕ ಬರೆದಿಡಿ. ಬಿಡುವ ಮೊದಲಿನ ಒಂದು ವಾರವೂ ಬರೆಯಿರಿ, ಹೋಲಿಸಲು ಬೇಕಾಗುತ್ತದೆ.

ಪೂರ್ತಿ ಬಿಟ್ಟು ಒಂದು ತಿಂಗಳು ಕಳೆದ ಮೇಲೆ ಆ ಅಂಕಗಳನ್ನು ಡಾಕ್ಟರಿಗೆ ತೋರಿಸಿ. ಕುಡಿತದಿಂದಲೇ ಹುಟ್ಟಿದ ಖಿನ್ನತೆ ಸಾಮಾನ್ಯವಾಗಿ ಅಷ್ಟರೊಳಗೆ ಬಹುಪಾಲು ಇಳಿದಿರುತ್ತದೆ. ಇಳಿಯದಿದ್ದರೆ, ಅಥವಾ ಕುಡಿಯುವ ಮೊದಲೇ ನಾಲ್ಕು ಜನರ ಮುಂದೆ ಮಾತಾಡಲು ಭಯ, ತಿಂಗಳುಗಟ್ಟಲೆ ಬೇಸರ ಇತ್ತು ಅಂತಿದ್ದರೆ, ಬೇರೆಯದೇ ಕಾಯಿಲೆ ಇದೆ ಅಂತ ಅರ್ಥ. ಅದಕ್ಕೆ ಅದರದೇ ಚಿಕಿತ್ಸೆ ಬೇಕು. ನಿಮ್ಮಲ್ಲಿ ಎರಡೂ ಕೂಡಿಕೊಂಡಿರಬಹುದು ಅಂತ ನನ್ನ ಅನುಮಾನ, ಯಾಕೆಂದರೆ ಶುರು ಮಾಡಿದ್ದೇ ಟೆನ್ಷನ್‌ಗೆ.

ಈ ನಡುವೆ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ತಿಂಗಳು ಕಾಯುವ ಮಾತೇ ಇಲ್ಲ. ಕುಡಿದಾಗ ಇಂಥ ಯೋಚನೆಗೂ ಕೃತ್ಯಕ್ಕೂ ನಡುವಿನ ತಡೆ ಸಡಿಲವಾಗುತ್ತದೆ. ಮನೆಯವರಿಗೆ ತಿಳಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.