ಸಂಪಾದಕರ ಉತ್ತರ: ರೈಡರ್ ಹೆಸರು ಬಂತು, ಪಂದ್ಯ ಗೆಲ್ಲಿಸಿದ ಕಾರ್ನರ್ ಎಲ್ಲಿ?

*ಸಂಪಾದಕರೇ, ನಮ್ಮ ಜಿಲ್ಲಾ ಮಟ್ಟದ ಮಹಿಳಾ ಕಬಡ್ಡಿ ಫೈನಲ್‌ನ ವರದಿಯನ್ನು ಊರಿನ ದಿನಪತ್ರಿಕೆಗೆ ನಾನೇ ಬರೆದೆ. ನೀಲಿ ಜೆರ್ಸಿಯ ತಂಡ ಕೆಂಪು ಜೆರ್ಸಿಯವರನ್ನು 31-27ರಿಂದ ಸೋಲಿಸಿತು. ಮರುದಿನ ಗೆದ್ದ ತಂಡದ ಕೋಚ್ ಮೇಡಂ ಫೋನ್ ಮಾಡಿ, “ನೀವು ಪಂದ್ಯ ನೋಡಿದ್ರಾ, ಬಹುಮಾನ ವಿತರಣೆ ಮಾತ್ರ ನೋಡಿದ್ರಾ?” ಎಂದು ಕೇಳಿದರು. ಪೂರ್ತಿ ಪಂದ್ಯ ನೋಡಿದ್ದೇನೆ. ವರದಿಯ ತುಣುಕು, ಅಂಕಪಟ್ಟಿಯ ನಕಲು, ನನ್ನ ಟಿಪ್ಪಣಿ ಹಾಳೆಗಳನ್ನು ಲಗತ್ತಿಸಿದ್ದೇನೆ. ಎಲ್ಲಿ ಎಡವಿದೆ, ಹೇಳಿ.*
*— ಒಬ್ಬ ಹವ್ಯಾಸಿ ವರದಿಗಾರ*

ನೀವು ಕಳಿಸಿದ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಟಿಪ್ಪಣಿ ಹಾಳೆ ಚೆನ್ನಾಗಿದೆ. ಅದರಲ್ಲಿರುವ ಪಂದ್ಯ ವರದಿಯಲ್ಲಿ ಇಲ್ಲ, ಕೋಚ್ ಮೇಡಂ ಸಿಟ್ಟಿಗೆ ಕಾರಣ ಅದೇ. ಆಟಗಾರ್ತಿಯರಲ್ಲಿ ಹಲವರು ಇನ್ನೂ ವಿದ್ಯಾರ್ಥಿನಿಯರಾದ್ದರಿಂದ ಇಲ್ಲಿ ಹೆಸರು ಬಿಟ್ಟು ಜೆರ್ಸಿ ಸಂಖ್ಯೆಯಲ್ಲೇ ಮಾತಾಡುತ್ತೇನೆ.

ನಿಮ್ಮ ವರದಿಯ ಮೊದಲ ಸಾಲು: “ನೀಲಿ ತಂಡದ ರೈಡರ್‌ಗಳ ಅಬ್ಬರಕ್ಕೆ ಕೆಂಪು ತಂಡ ತತ್ತರಿಸಿತು.” ಈಗ ಅಂಕಪಟ್ಟಿ ತೆಗೆದು 31ನ್ನು ಬಿಡಿಸಿ ನೋಡಿ. ನೀಲಿಯವರಿಗೆ ರೈಡ್‌ನಲ್ಲಿ ಮುಟ್ಟಿ ಬಂದದ್ದು 12, ಬೋನಸ್ 4. ಹಿಡಿತದಲ್ಲಿ 10, ಸೂಪರ್ ಟ್ಯಾಕಲ್‌ನ ಹೆಚ್ಚುವರಿ 2. ಎದುರಾಳಿ ತಂಡವನ್ನು ಪೂರ್ತಿ ಆಲೌಟ್ ಮಾಡಿದ್ದಕ್ಕೆ ಸಿಗುವ ಲೋನಾ 2. ಎದುರಾಳಿ ತಾನಾಗಿಯೇ ಔಟಾಗಿ ಕೊಟ್ಟದ್ದು 1. ಕೆಂಪಿನ 27ರಲ್ಲಿ ಮುಟ್ಟಿದ್ದು 13, ಬೋನಸ್ 6, ಹಿಡಿತ 6, ಲೋನಾ 2. ಅಂದರೆ ರೈಡ್‌ನಲ್ಲಿ ಸೋತವರೇ ಮೂರು ಅಂಕ ಮುಂದಿದ್ದರು, 19ಕ್ಕೆ 16. ಲೋನಾ ಸಮ. ನೀಲಿ ಗೆದ್ದದ್ದು ಹಿಡಿತದಲ್ಲಿ, ಅಲ್ಲಿ 12ಕ್ಕೆ 6. ಅಬ್ಬರಿಸಿದವರು ಕೆಂಪು ರೈಡರ್‌ಗಳು, ಅವರನ್ನು ಕಟ್ಟಿ ನಿಲ್ಲಿಸಿದವರು ನೀಲಿ ಡಿಫೆಂಡರ್‌ಗಳು. ನಿಮ್ಮ ವಾಕ್ಯದಲ್ಲಿ ಅದು ತಿರುಗುಮುರುಗಾಗಿದೆ.

ಇದು ನಿಮ್ಮೊಬ್ಬರ ತಪ್ಪಲ್ಲ. ರೈಡ್‌ಗೆ ಹೋದವಳು ಒಬ್ಬಳೇ ಇರುವುದರಿಂದ ಕಣ್ಣು ಅವಳ ಮೇಲೇ ನೆಡುತ್ತದೆ, ಮೈಕಿನವರೂ ಅವಳ ಹೆಸರನ್ನೇ ಕೂಗುತ್ತಾರೆ. ಹಿಡಿತವಾದಾಗ ನಾಲ್ಕೈದು ಮಂದಿ ಒಟ್ಟಿಗೆ ಮ್ಯಾಟ್ ಮೇಲೆ ಬಿದ್ದಿರುತ್ತಾರೆ, ಮೊದಲು ಕಾಲಿಗೆ ಕೈ ಹಾಕಿದ್ದು ಯಾರೆಂದು ಗ್ಯಾಲರಿಯಿಂದ ತಿಳಿಯುವುದಿಲ್ಲ. ಅದಕ್ಕಾಗಿಯೇ ಮೊದಲ ಸಾಲು ಬರೆಯುವ ಮುಂಚೆ ಎರಡೂ ತಂಡಗಳ ಅಂಕವನ್ನು ಹೀಗೆ ಐದಾರು ಭಾಗವಾಗಿ ಬಿಡಿಸಿಕೊಳ್ಳಬೇಕು. ಹತ್ತು ನಿಮಿಷದ ಕೆಲಸ. ಭಾಗಗಳನ್ನು ಕೂಡಿದಾಗ ಅಂತಿಮ ಅಂಕ ಬರದಿದ್ದರೆ ಸ್ಕೋರರ್ ಮೇಜು ಖಾಲಿಯಾಗುವ ಮೊದಲೇ ಹೋಗಿ ಕೇಳಿ.

ಅಂಕಪಟ್ಟಿಯಲ್ಲಿ ಕಾಣದ ಒಂದು ಸಂಗತಿ ನಿಮ್ಮ ಟಿಪ್ಪಣಿಯಲ್ಲಿದೆ. ದ್ವಿತೀಯಾರ್ಧದ ನಾಲ್ಕನೇ ನಿಮಿಷ. ವಿರಾಮದ ಹೊತ್ತಿಗೆ 16-11ರಿಂದ ಮುಂದಿದ್ದ ಕೆಂಪು ತಂಡ ಆಗ 19-12ಕ್ಕೆ ಏರಿತ್ತು. ನೀಲಿಯಲ್ಲಿ ಉಳಿದಿದ್ದವರು ಇಬ್ಬರೇ, ಎಡ ಕಾರ್ನರ್‌ನ 4ನೇ ನಂಬರ್ ಮತ್ತು ಕವರ್‌ನ 9ನೇ ನಂಬರ್. ಮುಂದಿನ ನಾಲ್ಕು ಸಾಲುಗಳಲ್ಲಿ ನೀವು “ಖಾಲಿ, ಖಾಲಿ, ಖಾಲಿ, ಖಾಲಿ” ಎಂದು ಬರೆದಿದ್ದೀರಿ. ವರದಿಯಲ್ಲಿ ಅದು “ಕೆಲಕಾಲ ಆಟ ನೀರಸವಾಯಿತು” ಎಂದಾಗಿದೆ. ಅದು ನೀರಸವಲ್ಲ, ಈ ಪಂದ್ಯದ ಅತ್ಯಂತ ಜಾಣತನದ ಎರಡು ನಿಮಿಷ.

ಇಬ್ಬರೇ ಉಳಿದಾಗ ನೀಲಿಯವರು ಮುನ್ನುಗ್ಗಿ ಹಿಡಿಯಲು ಹೋಗಲಿಲ್ಲ, ಹಿಂದಕ್ಕೆ ಸರಿದು ನಿಂತರು. ಕೆಂಪು ರೈಡರ್ ಪ್ರತಿ ರೈಡ್‌ನಲ್ಲೂ ದಾಟಲೇಬೇಕಾದ ಬಾಕ್ ಲೈನ್ ಎಂಬ ಗೆರೆ ದಾಟಿ, ಯಾರನ್ನೂ ಮುಟ್ಟದೆ ವಾಪಸಾದಳು. ನೀಲಿಯ 9ನೇ ನಂಬರ್ ಕೂಡ ಹಾಗೆಯೇ ಗೆರೆ ದಾಟಿ ಮರಳಿದಳು. ಮತ್ತೊಂದು ಸುತ್ತು ಅದೇ. ಎರಡು ಖಾಲಿ ರೈಡ್‌ಗಳ ನಂತರದ ಮೂರನೆಯದು ‘ಡು ಆರ್ ಡೈ’. ಅಂಕ ತರದಿದ್ದರೆ ರೈಡರ್ ಔಟ್. ಎದುರಿಗೆ ಆರು ಮಂದಿಯಾದರೂ ಇದ್ದರೆ ಮಾತ್ರ ಬೋನಸ್, ಇಬ್ಬರೇ ಇದ್ದರೆ ಆ ದಾರಿಯೂ ಮುಚ್ಚಿತು. ಕೆಂಪಿನ 7ನೇ ನಂಬರ್ ಈಗ ಮುಟ್ಟಲೇಬೇಕು, ಮುಟ್ಟಲು ಒಳಗೆ ಹೋಗಲೇಬೇಕು. ಮಹಿಳೆಯರ ಅಂಕಣದಲ್ಲಿ ಮಧ್ಯದ ಗೆರೆಯಿಂದ ಬಾಕ್ ಲೈನ್‌ಗೆ 3 ಮೀಟರ್, ಅಲ್ಲಿಂದ ಹಿಂದಿನ ಗೆರೆಗೆ ಇನ್ನೂ 3 ಮೀಟರ್. ಆ ಹಿಂದಿನ ಅರ್ಧಕ್ಕೆ ಅವಳನ್ನು ಎಳೆದುಕೊಂಡದ್ದೇ ನೀಲಿಯ ಬಲೆ. 4ನೇ ನಂಬರ್ ಪಾದಕ್ಕೆ ಕೈ ಹಾಕಿದಳು, 9ನೇ ನಂಬರ್ ಮೇಲಿಂದ ಒತ್ತಿದಳು.

ಅಲ್ಲಿ ಹುಟ್ಟಿದ ಲೆಕ್ಕ ನೋಡಿ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಡಿಫೆಂಡರ್‌ಗಳು ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ. 19-14. ಹಿಡಿತ ತಪ್ಪಿ ಇಬ್ಬರೂ ಔಟಾಗಿದ್ದರೆ ಕೆಂಪಿಗೆ ಆ ಎರಡು, ಮೇಲೆ ಲೋನಾದ ಎರಡು, ಒಟ್ಟು ನಾಲ್ಕು. ಆಗ 23-12. ಹನ್ನೊಂದು ಅಂಕದ ಅಂತರ ಆಗಬೇಕಿದ್ದದ್ದು ಐದಕ್ಕೆ ನಿಂತಿತು. ಒಂದೇ ರೈಡ್‌ನಲ್ಲಿ ಆರು ಅಂಕದ ಹೊರಳು, ಫೈನಲ್ ಗೆದ್ದದ್ದು ನಾಲ್ಕರಿಂದ.

ಅಂಕ ಎರಡಾದರೂ ಒಳಗೆ ಬರುವವಳು ಒಬ್ಬಳೇ, ಹೆಚ್ಚುವರಿ ಅಂಕಕ್ಕೆ ಯಾರೂ ಮರಳುವುದಿಲ್ಲ. ಔಟಾದ ಕ್ರಮದಲ್ಲೇ ಮರಳಬೇಕಾದ್ದರಿಂದ ಮೊದಲು ಒಳಗೆ ಬಂದದ್ದು ಮುಖ್ಯ ರೈಡರ್ ಆದ ನಾಯಕಿ. ನೀಲಿಯದೂ ಆಗ ಮೂರನೇ ರೈಡ್. ನಾಯಕಿ ಹೋಗಿ ಒಬ್ಬಳನ್ನು ಮುಟ್ಟಿ ಬಂದಳು, 19-15. ಬೆವರು ಆರದೆ ಹೊರಗೆ ಕಾಯುತ್ತಿದ್ದ ಅವಳು ಸರಿಯಾಗಿ ಡು ಆರ್ ಡೈ ಹೊತ್ತಿಗೆ ಒಳಗೆ ಬಂದದ್ದು ಆ ಹಿಡಿತದಿಂದ. ಅಲ್ಲಿಂದ ಪಂದ್ಯ ನೀಲಿ ಕಡೆಗೆ ವಾಲಿ, ಮುಗಿಯಲು ಐದು ನಿಮಿಷವಿರುವಾಗ ಕೆಂಪು ಆಲೌಟಾಗಿ ನೀಲಿ 24-23ರಿಂದ ಮುಂದಾಯಿತು.

ನಾನಾಗಿದ್ದರೆ ಆರಂಭ ಹೀಗಿರುತ್ತಿತ್ತು: “ಅಂಕಣದಲ್ಲಿ ಇಬ್ಬರೇ ಉಳಿದಿದ್ದಾಗ ಎಡ ಕಾರ್ನರ್ ಆಟಗಾರ್ತಿ ಹಾಕಿದ ಪಾದದ ಹಿಡಿತ ನೀಲಿ ತಂಡವನ್ನು ಆಲೌಟ್‌ನಿಂದ ಉಳಿಸಿತು. ಏಳು ಅಂಕ ಹಿಂದಿದ್ದ ತಂಡ ಅಲ್ಲಿಂದ ಚೇತರಿಸಿಕೊಂಡು ಫೈನಲ್ ಅನ್ನು 31-27ರಿಂದ ಗೆದ್ದಿತು.” ಎರಡನೇ ಪ್ಯಾರಾದಲ್ಲಿ ಆ ಎರಡು ನಿಮಿಷ, ಮೂರನೆಯದರಲ್ಲಿ ಆಲೌಟ್, ನಾಲ್ಕನೆಯದರಲ್ಲಿ ಕೆಂಪು ರೈಡರ್‌ಗಳಿಗೆ ಸಲ್ಲಬೇಕಾದ ಮಾತು. ಸೋತವರು ರೈಡ್‌ನಲ್ಲಿ ಮುಂದಿದ್ದರು ಎಂಬುದನ್ನು ಬರೆಯದೆ ಬಿಡಬಾರದು. ನಿಮ್ಮ ವರದಿಯ ಮೊದಲ ಮೂರನೇ ಒಂದು ಭಾಗವನ್ನು ದೀಪ ಬೆಳಗಿದವರೂ ಟ್ರೋಫಿ ಕೊಡಿಸಿದವರೂ ತುಂಬಿದ್ದಾರೆ. ಊರಿನ ಪತ್ರಿಕೆಗೆ ಅವರನ್ನು ಬಿಡಲಾಗದು, ನನಗೂ ಗೊತ್ತು. ಚಿತ್ರದ ಕೆಳಗಿನ ಅಡಿಬರಹದಲ್ಲಿ ಹಾಕಿ, ಎಲ್ಲರಿಗೂ ಸಮಾಧಾನ.

ಇನ್ನು ವಾಸ್ತವದ ತಪ್ಪುಗಳು. “ಕೊನೆಯ ನಿಮಿಷದಲ್ಲಿ ಬೋನಸ್ ಗಳಿಸಿ ಗೆಲುವು ಖಚಿತಪಡಿಸಿದರು” ಎಂದಿದ್ದೀರಿ. ಆ ರೈಡ್ ಶುರುವಾದಾಗ ಕೆಂಪಿನಲ್ಲಿ ಐವರಿದ್ದರು ಎಂದು ನಿಮ್ಮದೇ ಹಾಳೆ ಹೇಳುತ್ತದೆ. ಐವರಿದ್ದಾಗ ಬೋನಸ್ ಸಿಗದು, ಅದು ಮುಟ್ಟಿ ತಂದ ಅಂಕ. ಬೋನಸ್ ಎಂದು ಬರೆಯುವ ಮುನ್ನ ತಲೆ ಎಣಿಸಿದರೆ ಇಂಥ ತಪ್ಪು ಆಗುವುದಿಲ್ಲ. “ಸೂಪರ್ ರೈಡ್‌ನಿಂದ ಹೆಚ್ಚುವರಿ ಅಂಕ” ಎಂಬುದೂ ಇಲ್ಲದ್ದು. ಒಂದೇ ರೈಡ್‌ನಲ್ಲಿ ಮೂರು ಅಥವಾ ಹೆಚ್ಚು ಅಂಕ ಬಂದರೆ ಸೂಪರ್ ರೈಡ್ ಎನ್ನುತ್ತಾರೆ ಅಷ್ಟೆ, ಹೆಸರಿಗೆ ಬೇರೆ ಅಂಕವಿಲ್ಲ. “40 ನಿಮಿಷಗಳ ಕಾದಾಟ” ಪುರುಷರ ವರದಿಯಿಂದ ಬಂದಿರಬೇಕು. ನಿಮ್ಮ ಅಂಕಪಟ್ಟಿಯ ಪ್ರಕಾರ ಆಟ ತಲಾ 15 ನಿಮಿಷದ ಎರಡು ಅವಧಿ. ಕೂಟದಿಂದ ಕೂಟಕ್ಕೆ ಇದು ಬದಲಾಗಬಹುದು, ಟಾಸ್‌ಗೆ ಮುಂಚೆ ರೆಫ್ರಿಯನ್ನು ಕೇಳಿಕೊಳ್ಳಿ. ಅಂಕಣವೂ 13-10 ಅಲ್ಲ, ಮಹಿಳೆಯರಿಗೆ 12 ಮೀಟರ್ ಉದ್ದ, 8 ಮೀಟರ್ ಅಗಲ.

ಕೆಂಪು ರೈಡರ್ ಯಾರನ್ನೂ ಮುಟ್ಟುವ ಮೊದಲೇ ಲಾಬಿಗೆ ಕಾಲಿಟ್ಟು ಔಟಾದದ್ದನ್ನು “ಅಂಪೈರ್ ವಿವಾದಾತ್ಮಕ ತೀರ್ಪು” ಎಂದು ಬರೆದಿದ್ದೀರಿ. ವಿವಾದ ಮಾಡಿದ್ದು ಗ್ಯಾಲರಿ ಮಾತ್ರ. ಮುಟ್ಟು ಆಗುವ ತನಕ ಲಾಬಿ ಹೊರಗಿನ ಜಾಗ, ಆದ ಮೇಲಷ್ಟೇ ಅದು ಅಂಕಣಕ್ಕೆ ಸೇರುತ್ತದೆ. ಒಂದು ಅಂಕ ತಾನೇ ಅನ್ನಬೇಡಿ. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ನಮ್ಮ ಮಹಿಳೆಯರು ಚೈನೀಸ್ ತೈಪೆಯನ್ನು ಸೋಲಿಸಿ ಚಿನ್ನ ತಂದದ್ದು 26-25ರಿಂದ.

ಮಾತಿನ ವಿಷಯ ಒಂದೇ ಸಾಲಿನಲ್ಲಿ: “ಪುರುಷರಿಗೂ ಸಡ್ಡು ಹೊಡೆಯುವಂತೆ”, “ಕೋಮಲ ಕೈಗಳು” ಎರಡನ್ನೂ ತೆಗೆಯಿರಿ, ಅವರು ಸಡ್ಡು ಹೊಡೆದದ್ದು ಕೆಂಪು ತಂಡಕ್ಕೆ.

ಟಿಪ್ಪಣಿ ಬರೆಯುವ ಕ್ರಮದಲ್ಲಿ ಒಂದೇ ಸೇರ್ಪಡೆ. ರೈಡ್‌ಗೆ ಒಂದು ಸಾಲು ಎಂಬ ನಿಮ್ಮ ಪದ್ಧತಿ ಸರಿ. ಪ್ರತಿ ರೈಡ್ 30 ಸೆಕೆಂಡ್ ಪೂರ್ತಿ ನಡೆದರೂ ಅರ್ಧ ಗಂಟೆಯಲ್ಲಿ 60 ಆಗುತ್ತವೆ, ಬೇಗ ಮುಗಿದರೆ ಇನ್ನೂ ಹೆಚ್ಚು, ಅಷ್ಟು ಸಾಲಿನ ಜಾಗ ಮೊದಲೇ ಗೆರೆ ಹಾಕಿಡಿ. ನಿಮಿಷ, ರೈಡರ್ ಸಂಖ್ಯೆ, ಫಲ, ಒಳಗಿರುವವರ ಎಣಿಕೆ, ಅಂಕ, ಇಷ್ಟನ್ನು ಬರೆದಿದ್ದೀರಿ. ಹಿಡಿತವಾದ ಸಾಲಿನಲ್ಲಿ ಹಿಡಿದವಳ ಸಂಖ್ಯೆ ಇಲ್ಲ, ಬರೀ “ಔಟ್” ಎಂದಿದೆ. 4ನೇ ನಂಬರ್ ನಿಮ್ಮ ವರದಿಯಿಂದ ಜಾರಿಹೋದದ್ದು ಅಲ್ಲಿಯೇ. ಸಾಮೂಹಿಕ ಹಿಡಿತದಲ್ಲಿ ಅಂಕ ಯಾರ ಹೆಸರಿಗೆ ಬಿತ್ತು ಎಂಬುದನ್ನು ಪಂದ್ಯ ಮುಗಿದೊಡನೆ ಸ್ಕೋರರ್ ಬಳಿ ಹೊಂದಿಸಿಕೊಳ್ಳಿ. ಆ ದಿನ ಅವಳು ಹಾಕಿದ್ದು ಮೂರು ಯಶಸ್ವಿ ಹಿಡಿತ, ಎರಡು ಸೂಪರ್ ಟ್ಯಾಕಲ್ ಆದ್ದರಿಂದ ಐದು ಅಂಕ.

ಕೊನೆಗೆ, ನಾಯಕಿಗೆ 11, ಇನ್ನೊಬ್ಬ ರೈಡರ್‌ಗೆ 7 ಎಂದು ಅಚ್ಚಾಗಿದೆ. ಕೂಡಿದರೆ 18, ಆದರೆ ತಂಡದ ರೈಡ್ ಅಂಕವೇ 16. ನಾಯಕಿ ಕೊನೆಯ ಕೆಂಪು ಆಟಗಾರ್ತಿಯನ್ನು ಮುಟ್ಟಿ ಆಲೌಟ್ ಮಾಡಿದಾಗ ಬಂದ ಲೋನಾದ ಎರಡನ್ನೂ ಅವಳ ಖಾತೆಗೆ ಹಾಕಿಬಿಟ್ಟಿದ್ದೀರಿ. ಲೋನಾ ತಂಡದ್ದು, ಯಾರ ಹೆಸರಿಗೂ ಸೇರದು. ಆಯ್ಕೆ ಶಿಬಿರಕ್ಕೆ ಹೋಗುವ ಹುಡುಗಿಯರು ಪತ್ರಿಕೆಯ ತುಣುಕನ್ನು ಕಡತದಲ್ಲಿ ಇಟ್ಟುಕೊಂಡು ಹೋಗುತ್ತಾರೆ, ಹಾಗಾಗಿ ಈ ವಾರವೇ ನಿಮ್ಮ ಪತ್ರಿಕೆಗೆ ಇಷ್ಟನ್ನು ಕಳಿಸಿ:

“ತಿದ್ದುಪಡಿ: ಜಿಲ್ಲಾ ಮಟ್ಟದ ಮಹಿಳಾ ಕಬಡ್ಡಿ ಫೈನಲ್ ವರದಿಯಲ್ಲಿ ವಿಜೇತ ತಂಡದ ನಾಯಕಿಯ ರೈಡ್ ಅಂಕ 11 ಎಂದು ತಪ್ಪಾಗಿ ಪ್ರಕಟವಾಗಿತ್ತು. ಅದು 9 ಎಂದಾಗಬೇಕು. ಎಡ ಕಾರ್ನರ್ ಆಟಗಾರ್ತಿ ಎರಡು ಸೂಪರ್ ಟ್ಯಾಕಲ್ ಸೇರಿ 5 ಅಂಕ ಗಳಿಸಿದ್ದು ವರದಿಯಲ್ಲಿ ಬಿಟ್ಟುಹೋಗಿತ್ತು.”

ಆಟಗಾರ್ತಿಯ ಹೆಸರು ಹಾಕುವಾಗ ಇನಿಷಿಯಲ್ ಸಮೇತ ಕೋಚ್ ಮೇಡಂ ಬಳಿಯೇ ಕೇಳಿ ಬರೆದುಕೊಳ್ಳಿ. ಅವರಿಗೆ ಫೋನ್ ಮಾಡಲು ಈಗ ನಿಮಗೊಂದು ಕಾರಣವೂ ಸಿಕ್ಕಿತು.

— ಸಂ.