ಆದಾಯ ಸ್ಥಿತಿಸ್ಥಾಪಕತ್ವ, ಅಡ್ಡ ಸ್ಥಿತಿಸ್ಥಾಪಕತ್ವದ ಮೌಲ್ಯ ನೋಡಿ ಸರಕು ಯಾವ ಬಗೆಯದೆಂದು ಹೇಳುವುದು ಹೇಗೆ?

ಪ್ರಶ್ನೆ: ಲೆಕ್ಕ ಮಾಡಿದರೆ −1, +0.5 ಅಂತೆಲ್ಲ ಬರುತ್ತದೆ. ಇದರಿಂದ ಸಾಮಾನ್ಯ, ಕೆಳದರ್ಜೆ, ಬದಲಿ, ಪೂರಕ ಸರಕು ಅಂತ ಗುರುತಿಸುವುದು ಹೇಗೆ?

ಉತ್ತರ: ಮೊದಲು ಚಿಹ್ನೆ ನೋಡಿ, ಅಂಕಿ ಆಮೇಲೆ. ಬೆಲೆ ಸ್ಥಿತಿಸ್ಥಾಪಕತ್ವದಲ್ಲಿ ಮೈನಸ್ ಬಿಟ್ಟು ಬರೆಯುವ ರೂಢಿ ಇದೆ, ಅಲ್ವಾ? ಇಲ್ಲಿ ಅದನ್ನು ಬಿಟ್ಟರೆ ಉತ್ತರವೇ ತಲೆಕೆಳಗಾಗುತ್ತದೆ.

ಒಂದು ಮನೆಯ ಆದಾಯ ತಿಂಗಳಿಗೆ ₹20,000 ಇದ್ದದ್ದು ₹22,000 ಆಯಿತು ಅಂದುಕೊಳ್ಳಿ, ಅಂದರೆ 10% ಜಾಸ್ತಿ. ಅವರು ದಪ್ಪಕ್ಕಿಯನ್ನು 20 ಕೆಜಿಯಿಂದ 18 ಕೆಜಿಗೆ ಇಳಿಸಿದರು, ಅಂದರೆ 10% ಕಡಿಮೆ. ಬೇಡಿಕೆಯ ಶೇಕಡಾ ಬದಲಾವಣೆಯನ್ನು ಆದಾಯದ ಶೇಕಡಾ ಬದಲಾವಣೆಯಿಂದ ಭಾಗಿಸಿದರೆ ಆದಾಯ ಸ್ಥಿತಿಸ್ಥಾಪಕತ್ವ:

```
−10% ÷ 10% = −1
```

ಮೈನಸ್ ಬಂತು, ಹಾಗಾಗಿ ಈ ಮನೆಗೆ ದಪ್ಪಕ್ಕಿ ಕೆಳದರ್ಜೆ ಸರಕು. ಪ್ಲಸ್ ಬಂದಿದ್ದರೆ ಸಾಮಾನ್ಯ ಸರಕು. 1ಕ್ಕಿಂತ ಜಾಸ್ತಿ ಇದ್ದರೆ ಅದರಲ್ಲೇ ಐಷಾರಾಮಿ ಸರಕು. ಅಕ್ಕಿಯ ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನೂ ಬಡ ಮನೆಯಲ್ಲಿ ಆದಾಯ ಏರಿದಾಗ ಅದೇ ಅಕ್ಕಿಯನ್ನು ಹೆಚ್ಚು ಕೊಳ್ಳಬಹುದು, ಅಲ್ಲಿ ಅದು ಸಾಮಾನ್ಯ ಸರಕು.

ಅಡ್ಡ ಸ್ಥಿತಿಸ್ಥಾಪಕತ್ವದಲ್ಲಿ ಮೇಲೆ ಒಂದು ಸರಕಿನ ಬೇಡಿಕೆಯ ಶೇಕಡಾ ಬದಲಾವಣೆ, ಕೆಳಗೆ ಇನ್ನೊಂದರ ಬೆಲೆಯ ಶೇಕಡಾ ಬದಲಾವಣೆ. ಕಾಫಿಪುಡಿ ಬೆಲೆ 20% ಏರಿ ಚಹಾಪುಡಿ ಬೇಡಿಕೆ 10% ಏರಿದರೆ +0.5: ಬದಲಿ ಸರಕುಗಳು. ಅದೇ ಏರಿಕೆಗೆ ಚಿಕೋರಿ ಬೇಡಿಕೆ 5% ಇಳಿದರೆ −0.25: ಪೂರಕ. ಸೊನ್ನೆಯ ಹತ್ತಿರ ಬಂದರೆ ಸಂಬಂಧವಿಲ್ಲ.

ಎಡವುವುದು ಇಲ್ಲಿ: ಕಾಫಿ ಬೆಲೆ ಏರಿದ ತಿಂಗಳೇ ಸಂಬಳವೂ ಏರಿದ್ದರೆ, ಚಹಾ ಹೆಚ್ಚಿದ್ದು ಯಾವುದರಿಂದ ಅಂತ ಈ ಲೆಕ್ಕ ಹೇಳುವುದಿಲ್ಲ. ಉಳಿದದ್ದೆಲ್ಲ ಬದಲಾಗದೆ ಇದ್ದಾಗ ಮಾತ್ರ ಚಿಹ್ನೆಯನ್ನು ನಂಬಬಹುದು.